ನಾನ್‌ಜಿಂಗ್ ಒಪ್ಪಂದದಲ್ಲಿ ಅಫೀಮು ಮಾರಲು ಅನುಮತಿಯೇ ಇಲ್ಲ, ಹಾಗಾದ್ರೆ ಯುದ್ಧ ನಡೆದದ್ದು ಯಾತಕ್ಕೆ?

ಕೆರೆದಂಡೆ
ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ನಿನ್ನೆ ಒಂಬತ್ತನೇ ಕ್ಲಾಸಿನಲ್ಲಿ ಮಾತು ಎಲ್ಲಿಂದೆಲ್ಲಿಗೋ ಹೋಗಿ ಚೀನಾದ ಅಫೀಮು ಯುದ್ಧಕ್ಕೆ ಬಂತು. ಬ್ರಿಟಿಷರು ಅಫೀಮು ಮಾರುವುದಕ್ಕೋಸ್ಕರ ಯುದ್ಧ ಮಾಡಿದರು, ಗೆದ್ದು ನಾನ್‌ಜಿಂಗ್ ಒಪ್ಪಂದ ಬರೆಸಿಕೊಂಡರು ಅಂತ ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು "ಒಪ್ಪಂದದಲ್ಲಿ ಅಫೀಮು ಮಾರಬಹುದು ಅಂತ ಬರೆದಿದೆಯಾ ಸರ್?" ಅಂತ ಕೇಳಿದಳು. ಮನೆಗೆ ಬಂದು 1842ರ ಒಪ್ಪಂದದ ಕಲಮುಗಳನ್ನು ಓದಿದೆ. ಎಲ್ಲೂ ಇಲ್ಲ. ಅಫೀಮಿನ ಹೆಸರು ಬರುವುದು ಪರಿಹಾರದ ಹಣದ ಮಾತಲ್ಲಿ ಮಾತ್ರ. ಗೆದ್ದವರು ತಮಗೆ ಬೇಕಾದ್ದನ್ನೇ ಬರೆಸಿಕೊಳ್ಳದೆ ಬಿಟ್ಟರಾ? ಸೋಮವಾರ ಅವಳಿಗೆ ಉತ್ತರ ಹೇಳಬೇಕು.

ಗಡಿಬಿಡಿ ಗುಂಡ
ಸಿಂಪಲ್ ಸರ್. ಈಸ್ಟ್ ಇಂಡಿಯಾ ಕಂಪನಿ ತನ್ನ ಹಡಗಲ್ಲಿ ಅಫೀಮು ತುಂಬಿಕೊಂಡು ಹೋಗಿ ಚೀನಾದಲ್ಲಿ ಮಾರುತ್ತಿತ್ತು. ಚೀನಾದ ಅಧಿಕಾರಿ ಲಿನ್ ಅದನ್ನೆಲ್ಲ ಸುಟ್ಟು ಹಾಕಿದ. ಇವರು ಯುದ್ಧಕ್ಕೆ ಬಂದರು. ಕಳ್ಳಮಾಲನ್ನು ಒಪ್ಪಂದದಲ್ಲಿ ಯಾರಾದ್ರೂ ಬರೀತಾರಾ? ನಾಚಿಕೆ ಆಗಿರುತ್ತೆ ಅಷ್ಟೇ.

ಅಡುಗೆಮನೆ ಆಚಾರಿ
ಅಫೀಮು ಅಂದಮೇಲೆ ಇಲ್ಲೇ ಕೇಳಿಬಿಡುತ್ತೇನೆ. ಮಗಳು ದುಬೈನಲ್ಲಿದ್ದಾಳೆ. ಹೋಗುವಾಗ ಪಾಯಸಕ್ಕೆ ಅಂತ ಕಾಲು ಕೇಜಿ ಗಸಗಸೆ ಒಯ್ಯಬಹುದಾ? ಅದೂ ಅದೇ ಗಿಡದ್ದಂತೆ, ಹೌದಾ?

ಕೆರೆದಂಡೆ
ಅಮ್ಮ, ಅದೇ ಗಿಡದ ಬೀಜ. ದಯವಿಟ್ಟು ಒಯ್ಯಬೇಡಿ. ಅಲ್ಲಿ ಗಸಗಸೆಗೂ ನಿಷೇಧ ಇದೆ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಸಿಂಗಾಪುರದಲ್ಲೂ ಹಾಗೇ.

ಬೆಳ್ಳಿನಾಣ್ಯ
ಗುಂಡ ಅವರೇ, ನೀವು ಹೇಳಿದ್ದರಲ್ಲಿ ಎರಡು ತಪ್ಪಿವೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇರುವುದೂ ಆ ಎರಡರಲ್ಲೇ. ಒಂದು, ಕಂಪನಿ ತನ್ನ ಹಡಗಲ್ಲಿ ಒಯ್ಯುತ್ತಿರಲಿಲ್ಲ. ಎರಡು, ಲಿನ್ ಸುಡಲಿಲ್ಲ.

ಮೊದಲನೆಯದು. ಬ್ರಿಟನ್ನಿಗೆ ಚೀನಾದ ಟೀ ಬೇಕಿತ್ತು. ಟೀ ಮೇಲಿನ ಸುಂಕವೇ ಅಲ್ಲಿನ ಸರ್ಕಾರಕ್ಕೆ ಬಹಳ ದೊಡ್ಡ ಆದಾಯ. ಆದರೆ ಚೀನಾದವರಿಗೆ ಬ್ರಿಟನ್ನಿನ ಮಾಲು ಅಷ್ಟೇನೂ ಬೇಕಿರಲಿಲ್ಲ, ಟೀಗೆ ಬೆಳ್ಳಿಯನ್ನೇ ಕೊಡಬೇಕಿತ್ತು. ವ್ಯಾಪಾರವೂ ಕ್ಯಾಂಟನ್ ಒಂದೇ ಊರಿನಲ್ಲಿ, ಅದೂ ಸರ್ಕಾರ ಗೊತ್ತು ಮಾಡಿದ ಕೆಲವು ವರ್ತಕರ ಜೊತೆ ಮಾತ್ರ. ಇವರನ್ನು ಹಾಂಗ್ ವರ್ತಕರು ಅನ್ನುತ್ತಿದ್ದರು.

ಕಂಪನಿ ಕಂಡುಕೊಂಡ ದಾರಿ ನೋಡಿ. ಬಿಹಾರ, ಬನಾರಸ್ ಕಡೆ ಅಫೀಮು ಬೆಳೆಸುವುದು, ಕೊಳ್ಳುವುದು, ಪಾಟ್ನಾ ಮತ್ತು ಘಾಜಿಪುರದ ಕಾರ್ಖಾನೆಯಲ್ಲಿ ಉಂಡೆ ಕಟ್ಟಿಸುವುದು ಎಲ್ಲ ಕಂಪನಿಯದೇ. ಬೇರೆಯವರು ಮಾಡುವ ಹಾಗಿಲ್ಲ. ಉಂಡೆ ಫಿರಂಗಿ ಗುಂಡಿನಷ್ಟು ದಪ್ಪ. ಹೂವಿನ ಎಸಳುಗಳನ್ನೇ ಅಂಟಿಸಿ ಮೇಲೆ ಚಿಪ್ಪಿನ ಹಾಗೆ ಹೊದಿಸುತ್ತಿದ್ದರು. ಮಾವಿನ ಮರದ ಪೆಟ್ಟಿಗೆಯಲ್ಲಿ ಎರಡು ಅಂತಸ್ತು, ಒಂದೊಂದರಲ್ಲಿ 20 ಉಂಡೆ. ಒಂದು ಪೆಟ್ಟಿಗೆಯಲ್ಲಿ ಹತ್ತಿರ ಹತ್ತಿರ 65 ಕೇಜಿ ಅಫೀಮು. ಆ ಪೆಟ್ಟಿಗೆಗಳನ್ನು ಕಲ್ಕತ್ತಾದಲ್ಲಿ ಹರಾಜು ಹಾಕಿ ಕಂಪನಿ ಕೈ ತೊಳೆದುಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಅದು ಕೊಂಡವನ ಪಾಡು. ಟೀ ತರುವ ತನ್ನ ಸ್ವಂತ ಹಡಗಲ್ಲಿ ಅಫೀಮು ಹೋಗಕೂಡದು ಅಂತ ಕಂಪನಿಯೇ ಕಟ್ಟಪ್ಪಣೆ ಮಾಡಿತ್ತು. ಹೋಗಿ ಸಿಕ್ಕಿಬಿದ್ದರೆ ಟೀ ವ್ಯಾಪಾರಕ್ಕೇ ಕುತ್ತು ಬರುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಪ್ರಶ್ನೆಪತ್ರಿಕೆ
ಸರಿ, ಖಾಸಗಿಯವನು ಕೊಂಡು ಮಾರಿದ, ಬೆಳ್ಳಿ ಅವನ ಜೇಬಿಗೆ ಹೋಯಿತು. ಕಂಪನಿಯ ಟೀಗೆ ಆ ಬೆಳ್ಳಿ ಹೇಗೆ ಬಂತು? ಈ ಕೊಂಡಿ ನನಗೆ ಯಾವತ್ತೂ ಅರ್ಥ ಆಗಿಲ್ಲ.

ಬೆಳ್ಳಿನಾಣ್ಯ
ಒಳ್ಳೆ ಪ್ರಶ್ನೆ. ಲೆಕ್ಕಕ್ಕೆ ಒಬ್ಬ ವ್ಯಾಪಾರಿ ಕಲ್ಕತ್ತಾದಲ್ಲಿ ಒಂದು ಪೆಟ್ಟಿಗೆಯನ್ನು ಸಾವಿರ ರೂಪಾಯಿಗೆ ಕೂಗಿದ ಅಂತ ಇಟ್ಟುಕೊಳ್ಳಿ. ಹಡಗು ಹೋಗಿ ಕ್ಯಾಂಟನ್ ನದಿಯ ಬಾಯಲ್ಲಿರುವ ಲಿಂಟಿನ್ ದ್ವೀಪದ ಹತ್ತಿರ ನಿಲ್ಲುತ್ತದೆ. ಅಲ್ಲಿ ಹಳೇ ಹಡಗುಗಳನ್ನು ವರ್ಷವಿಡೀ ಲಂಗರು ಹಾಕಿ ನಿಲ್ಲಿಸಿರುತ್ತಾರೆ, ಅವೇ ಗೋಡೌನು. ಪೆಟ್ಟಿಗೆ ಅಲ್ಲಿ ಇಳಿಯುತ್ತದೆ. ಚೀನೀ ದಲ್ಲಾಳಿ ಕ್ಯಾಂಟನ್ನಿನಲ್ಲಿ ವ್ಯಾಪಾರಿಯ ಗುಮಾಸ್ತನ ಹತ್ತಿರ ಬೆಳ್ಳಿ ತೂಗಿ ಕೊಟ್ಟು ಒಂದು ಚೀಟಿ ಬರೆಸಿಕೊಳ್ಳುತ್ತಾನೆ. ಆ ಚೀಟಿ ಹಿಡಿದು ಹತ್ತಾರು ಹುಟ್ಟಿನ ದೋಣಿಯಲ್ಲಿ ಲಿಂಟಿನ್‌ಗೆ ಹೋಗಿ ಮಾಲು ಎತ್ತಿಕೊಳ್ಳುತ್ತಾನೆ. ಏಡಿ ಥರಾ ಹುಟ್ಟುಗಳು ಎರಡೂ ಕಡೆ ಚಾಚಿರುತ್ತಿದ್ದರಿಂದ ಆ ದೋಣಿಗೆ 'ವೇಗದ ಏಡಿ' ಅಂತಲೇ ಹೆಸರು. ಕಾವಲಿನವರಿಗೆ ಲಂಚ ಮಾಮೂಲು.

ಈಗ ವ್ಯಾಪಾರಿಯ ಕೈಯಲ್ಲಿ ಬೆಳ್ಳಿ ಇದೆ. ಅದನ್ನು ಹೊತ್ತುಕೊಂಡು ವಾಪಸ್ ಬರುವುದು ರಿಸ್ಕು. ಅದೇ ಕ್ಯಾಂಟನ್ನಿನಲ್ಲಿ ಕಂಪನಿಯ ಖಜಾನೆ ಇದೆ. ಅಲ್ಲಿ ಬೆಳ್ಳಿ ಕಟ್ಟಿದರೆ ಲಂಡನ್ನಿನಲ್ಲೋ ಕಲ್ಕತ್ತಾದಲ್ಲೋ ಹಣ ಸಿಗುವ ಹುಂಡಿ ಬರೆದುಕೊಡುತ್ತಾರೆ. ಆ ಬೆಳ್ಳಿಯಿಂದ ಕಂಪನಿ ಟೀ ಕೊಳ್ಳುತ್ತದೆ. ಹೀಗೆ ಚೀನಾದ ಬೆಳ್ಳಿಯಿಂದಲೇ ಚೀನಾದ ಟೀ ಬರುತ್ತದೆ. ಲೆಕ್ಕಪತ್ರದಲ್ಲಿ ಕಂಪನಿ ಚೀನಾಕ್ಕೆ ಒಂದು ತೊಲ ಅಫೀಮನ್ನೂ ಮಾರಿರುವುದಿಲ್ಲ.

ನೀಮಚ್ ನೆನಪು
ಬ್ಯಾಂಕ್ ನೌಕರಿಯಲ್ಲಿ ಮಧ್ಯಪ್ರದೇಶದ ನೀಮಚ್ ಕಡೆ ನಾಲ್ಕು ವರ್ಷ ಇದ್ದೆ. ಅಲ್ಲಿ ಇವತ್ತಿಗೂ ಸರ್ಕಾರದ ಲೈಸೆನ್ಸಿನಲ್ಲಿ ಔಷಧಿಗೆ ಅಂತ ಅಫೀಮು ಬೆಳೆಯುತ್ತಾರೆ. ಮಧ್ಯಾಹ್ನದ ಮೇಲೆ ಹಸಿರು ಕಾಯಿಗೆ ಮೂರ್ನಾಲ್ಕು ಮೊನೆಯ ಸಣ್ಣ ಚೂರಿಯಿಂದ ಗೀರುತ್ತಾರೆ. ರಾತ್ರಿಯೆಲ್ಲ ಬಿಳಿ ಹಾಲು ಒಸರಿ ಬೆಳಗ್ಗೆ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿರುತ್ತದೆ. ಬಿಸಿಲೇರುವ ಮುಂಚೆ ಅದನ್ನು ಕೆರೆದು ಡಬ್ಬಿಗೆ ಹಾಕಬೇಕು. ಬೆಳಗ್ಗೆ ಹೊಲದ ಪಕ್ಕ ನಡೆದು ಹೋದರೆ ಸಾಕು, ಆ ಕಮಟು ವಾಸನೆ ಬಟ್ಟೆಗೂ ಅಂಟುತ್ತಿತ್ತು.

ನಾನು ಹೇಳಲು ಬಂದದ್ದು ಬೇರೆ. ಆ ಕಾಲದಲ್ಲಿ ನಮ್ಮ ಮಾಳವದ ಅಫೀಮು ಕಂಪನಿ ಕೈಯಲ್ಲಿ ಇರಲೇ ಇಲ್ಲ, ಸಂಸ್ಥಾನಗಳ ನೆಲ ಅದು. ಮಾರವಾಡಿಗಳು, ಗುಜರಾತಿಗಳು, ಪಾರ್ಸಿಗಳು ಅದನ್ನು ಮುಂಬೈಗೋ ಪೋರ್ಚುಗೀಸರ ದಮನ್‌ಗೋ ಸಾಗಿಸಿ ಚೀನಾಕ್ಕೆ ಕಳಿಸುತ್ತಿದ್ದರು. ಹಾಗಾಗಿ ಬರೀ ಬ್ರಿಟಿಷರು ಅನ್ನುವುದೂ ಪೂರ್ತಿ ಸರಿಯಲ್ಲ, ಅಲ್ವಾ?

ಬೆಳ್ಳಿನಾಣ್ಯ
ಖಂಡಿತ. ಮುಂಬೈನ ಜಮ್ಸೇಟ್‌ಜಿ ಜೀಜೀಭಾಯ್ ದೊಡ್ಡ ಸಾಹುಕಾರರಾದದ್ದರಲ್ಲಿ ಚೀನಾ ವ್ಯಾಪಾರದ ಪಾಲು ದೊಡ್ಡದು. ಕ್ಯಾಂಟನ್ನಿನಲ್ಲಿ ಅಫೀಮು ಮಾರುತ್ತಿದ್ದ ಬ್ರಿಟಿಷ್ ವ್ಯಾಪಾರಿಗಳಾದ ಜಾರ್ಡಿನ್, ಮ್ಯಾಥೆಸನ್ ಜೊತೆ ಅವರ ವ್ಯವಹಾರ ಇತ್ತು. ಮಾಳವದ ಮಾಲು ತಡೆಯಲು ಆಗದೆ ಕಂಪನಿ 1831ರ ಹೊತ್ತಿಗೆ ಮುಂಬೈ ಮೂಲಕ ಹೋಗುವ ಪೆಟ್ಟಿಗೆಗೆ ಪಾಸ್ ಹಣ ವಸೂಲಿ ಶುರು ಮಾಡಿತು. ಎರಡೂ ಕಡೆಯಿಂದ ಪೈಪೋಟಿ ಆಗಿ ಚೀನಾದಲ್ಲಿ ಬೆಲೆ ಇಳಿಯಿತು, ಸೇದುವವರು ಜಾಸ್ತಿ ಆದರು. 1820ರ ಆಸುಪಾಸು ವರ್ಷಕ್ಕೆ ನಾಲ್ಕೈದು ಸಾವಿರ ಪೆಟ್ಟಿಗೆ ಹೋಗುತ್ತಿದ್ದದ್ದು 1830ರ ದಶಕದ ಕೊನೆಗೆ 40,000ದ ಹತ್ತಿರ ಬಂತು. ನಡುವೆ 1834ರಲ್ಲಿ ಚೀನಾ ವ್ಯಾಪಾರದಲ್ಲಿ ಕಂಪನಿಗಿದ್ದ ಏಕಸ್ವಾಮ್ಯವೂ ಹೋಯಿತು. ಆಮೇಲೆ ಹಿಡಿದು ನಿಲ್ಲಿಸುವವರೇ ಇಲ್ಲ.

ಗಡಿಬಿಡಿ ಗುಂಡ
ಅಂದ್ರೆ ಚೀನಾದ ರಾಜನಿಗೆ ಜನ ಹಾಳಾಗ್ತಿದ್ದಾರೆ ಅಂತ ಸಿಟ್ಟು ಬಂತು. ಅದಾದ್ರೂ ಸರಿ ತಾನೇ?

ಬೆಳ್ಳಿನಾಣ್ಯ
ಅದೂ ಇತ್ತು. ಆದರೆ 1729ರಲ್ಲೇ ಅಫೀಮು ಮಾರಾಟಕ್ಕೆ ನಿಷೇಧ ಇತ್ತು, ನೂರು ವರ್ಷ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. 1830ರ ದಶಕದಲ್ಲಿ ಬಿಸಿ ಮುಟ್ಟಿದ್ದು ಬೆಳ್ಳಿಯಿಂದ.

ಚೀನಾದ ರೈತ ಸಂತೆಯಲ್ಲಿ ಅಕ್ಕಿ ಮಾರಿದರೆ ಕೈಗೆ ಬರುವುದು ತಾಮ್ರದ ಕಾಸು, ನಡುವೆ ತೂತು ಇರುವಂಥದ್ದು. ಕಂದಾಯ ಲೆಕ್ಕ ಹಾಕುವುದು ಬೆಳ್ಳಿಯಲ್ಲಿ. ತೇಲ್ ಅನ್ನುವುದು ಬೆಳ್ಳಿ ತೂಗುವ ಅಲ್ಲಿನ ಅಳತೆ. ಹಳೇ ದರದಲ್ಲಿ ಒಂದು ತೇಲ್ ಬೆಳ್ಳಿಗೆ 1,000 ಕಾಸು. ಬೆಳ್ಳಿ ಹೊರಗೆ ಹರಿದು ಹೋಗಿ ಅದರ ಬೆಲೆ ಏರಿತು, 1830ರ ದಶಕದ ಕೊನೆಗೆ 1,600 ಕಾಸು ಕೊಡಬೇಕಾಯಿತು. ಕಂದಾಯ ಒಂದು ತೇಲೂ ಏರಿಲ್ಲ, ಅಕ್ಕಿಯ ರೇಟೂ ಏರಿಲ್ಲ. ಆದರೂ ರೈತ ಹಿಂದಿಗಿಂತ ನೂರಕ್ಕೆ ಅರವತ್ತರಷ್ಟು ಜಾಸ್ತಿ ಅಕ್ಕಿ ಮಾರಬೇಕು. ಅಫೀಮಿನ ಹೊಗೆಯನ್ನೇ ಕಾಣದವನಿಗೂ ಏಟು ಬಿತ್ತು.

ಪ್ರಶ್ನೆಪತ್ರಿಕೆ
ಇಲ್ಲಿ ನನ್ನದೊಂದು ತಕರಾರು. ಅದೇ ಕಾಲದಲ್ಲಿ ಮೆಕ್ಸಿಕೋ, ಪೆರು ಕಡೆ ಸ್ವಾತಂತ್ರ್ಯ ಯುದ್ಧಗಳಾಗಿ ಗಣಿಗಳು ನಿಂತು ಜಗತ್ತಿನಲ್ಲೇ ಬೆಳ್ಳಿ ಕಡಿಮೆ ಆಗಿತ್ತು. ಚೀನಾಕ್ಕೆ ಬೆಳ್ಳಿ ಬರುತ್ತಿದ್ದದ್ದೇ ಅಲ್ಲಿಂದ. ಎಲ್ಲವನ್ನೂ ಅಫೀಮಿನ ತಲೆಗೆ ಕಟ್ಟೋದು ಸರಿಯಾ?

ಬೆಳ್ಳಿನಾಣ್ಯ
ಸರಿಯಲ್ಲ, ಒಪ್ಪುತ್ತೇನೆ. ಯಾವುದರ ಪಾಲು ಎಷ್ಟು ಅನ್ನುವುದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಆದರೆ ಬೀಜಿಂಗ್‌ನಲ್ಲಿ ಕೂತವರಿಗೆ ಪೆರುವಿನ ಗಣಿ ಕಾಣುತ್ತಿರಲಿಲ್ಲ, ಲಿಂಟಿನ್ ಹಡಗು ಕಾಣುತ್ತಿತ್ತು. 1836ರಲ್ಲಿ ಷೂ ನೈಜಿ ಅನ್ನುವ ಅಧಿಕಾರಿ ಅಫೀಮನ್ನು ಕಾನೂನುಬದ್ಧ ಮಾಡಿ ಸುಂಕ ಹಾಕೋಣ, ಬೆಳ್ಳಿ ಕೊಡದೆ ಬದಲಿಗೆ ಮಾಲು ಕೊಟ್ಟು ಕೊಳ್ಳೋಣ ಅಂತ ಸಲಹೆ ಕೊಟ್ಟ. ಚಕ್ರವರ್ತಿ ಯೋಚನೆ ಮಾಡಿ ಕೊನೆಗೆ ಬೇಡ ಅಂದು, ಕಟ್ಟುನಿಟ್ಟಿನವರ ಮಾತಿನಂತೆ ಲಿನ್ ಝೆಷುವನ್ನು ಕ್ಯಾಂಟನ್‌ಗೆ ಕಳಿಸಿದ.

ಕೆರೆದಂಡೆ
ಲಿನ್ ಸುಡಲಿಲ್ಲ ಅಂದಿರಲ್ಲ, ನಾನೂ ಮಕ್ಕಳಿಗೆ ಸುಟ್ಟ ಅಂತಲೇ ಹೇಳಿದ್ದೆ! ಅದನ್ನು ಸ್ವಲ್ಪ ಬಿಡಿಸಿ ಹೇಳಿ.

ಬೆಳ್ಳಿನಾಣ್ಯ
ಲಿನ್ 1839ರ ಮಾರ್ಚ್‌ನಲ್ಲಿ ಬಂದ. ಮಾಲು ಒಪ್ಪಿಸಿ, ಇನ್ನು ಮುಂದೆ ತರುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಡಿ ಅಂದ. ವಿದೇಶಿ ವ್ಯಾಪಾರಿಗಳು ಒಂದಷ್ಟು ಪೆಟ್ಟಿಗೆ ಕೊಟ್ಟು ಸಾಗಹಾಕಲು ನೋಡಿದರು. ಅವನು ಅವರ ಕೋಠಿಗಳಿಗೆ ಕಾವಲು ಹಾಕಿ ಚೀನೀ ಆಳುಗಳನ್ನೆಲ್ಲ ಹೊರಗೆ ಕರೆಸಿಕೊಂಡ. ಸಾಹುಕಾರರು ತಾವೇ ಅಡುಗೆ ಮಾಡಿಕೊಂಡು, ತಾವೇ ಕಸ ಗುಡಿಸಿಕೊಂಡು ಆರು ವಾರ ಒಳಗಿದ್ದರು.

ಆಗ ಬ್ರಿಟಿಷ್ ಸರ್ಕಾರದ ಅಧಿಕಾರಿ ಚಾರ್ಲ್ಸ್ ಎಲಿಯಟ್ ಒಂದು ಕೆಲಸ ಮಾಡಿದ. ಇಡೀ ಕಥೆಯ ತಿರುವು ಅದೇ ಅಂತ ನನ್ನ ಅಭಿಪ್ರಾಯ. ವ್ಯಾಪಾರಿಗಳಿಗೆ "ಮಾಲನ್ನು ಲಿನ್‌ಗೆ ಕೊಡಬೇಡಿ, ರಾಣಿಯ ಸರ್ಕಾರದ ಪರವಾಗಿ ನನಗೆ ಕೊಡಿ, ನಾನು ಅವನಿಗೆ ಒಪ್ಪಿಸುತ್ತೇನೆ" ಅಂದ. ಅವರು ಕುಣಿದಾಡಿಕೊಂಡು ಕೊಟ್ಟರು. ಯಾಕೆ ಹೇಳಿ? ಕಳ್ಳಮಾಲು ರಾತ್ರೋರಾತ್ರಿ ಬ್ರಿಟಿಷ್ ಸರ್ಕಾರದ ಆಸ್ತಿ ಆಯಿತು. ನಷ್ಟ ಇನ್ನು ಅವರದ್ದಲ್ಲ, ರಾಣಿಯದು. ಒಟ್ಟು 20,283 ಪೆಟ್ಟಿಗೆ.

ಜೂನ್ 3ರಿಂದ ಹೂಮೆನ್‌ನಲ್ಲಿ ನಾಶ ಮಾಡಲು ಶುರು ಮಾಡಿದರು. ಸುಟ್ಟರೆ ಅಫೀಮು ಕರಗಿ ಮಣ್ಣಿಗೆ ಇಳಿಯುತ್ತದೆ, ಆ ಮಣ್ಣನ್ನು ಅಗೆದು ಬೇಯಿಸಿದರೆ ಮತ್ತೆ ಸಿಗುತ್ತದೆ ಅಂತ ಲಿನ್‌ಗೆ ಗೊತ್ತಿತ್ತು. ಅದಕ್ಕೆ ಸಮುದ್ರದ ಪಕ್ಕ ದೊಡ್ಡ ಗುಂಡಿ ತೋಡಿಸಿ, ನೀರು ಬಿಟ್ಟು ಉಪ್ಪು ಸುರಿದು, ಉಂಡೆಗಳನ್ನು ಒಡೆದು ಹಾಕಿಸಿ, ಮೇಲೆ ಸುಣ್ಣ ಹಾಕಿಸಿದ. ಸುಣ್ಣ ಕೊತಕೊತ ಕುದಿಯುತ್ತದೆ, ಆಳುಗಳು ಗುದ್ದಲಿ ಹಿಡಿದು ಕಲಕುತ್ತಾರೆ. ಸಮುದ್ರ ಇಳಿತಕ್ಕೆ ಬಂದಾಗ ತೂಬು ತೆಗೆದು ರಾಡಿಯನ್ನೆಲ್ಲ ಹೊರಗೆ ಬಿಡುವುದು. ಮೂರು ವಾರಕ್ಕೂ ಜಾಸ್ತಿ ಹಿಡಿಯಿತು. ನೀರು ಕೆಡಿಸುತ್ತಿದ್ದೇನೆ, ಕ್ಷಮಿಸು ಅಂತ ಲಿನ್ ಸಮುದ್ರ ದೇವತೆಗೆ ಪೂಜೆಯನ್ನೂ ಮಾಡಿಸಿದ್ದ.

ಹಲಸೂರು ಹುಡುಗ
ನಮ್ಮ ಮಾವ ಎಂಇಜಿಯಲ್ಲಿದ್ದರು, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್. ಅವರ ರೆಜಿಮೆಂಟು ಈ ಯುದ್ಧಕ್ಕೆ ಹೋಗಿತ್ತು ಅಂತ ಹೇಳುತ್ತಿದ್ದರು. ಮಳೆಯಲ್ಲಿ ಬಂದೂಕು ನೆನೆದು ಹಾರದೆ ಚೀನೀ ರೈತರ ಕೈಗೆ ಸಿಕ್ಕಿಬಿದ್ದಿದ್ದರಂತೆ. ನಿಜವಾ, ಕಟ್ಟುಕಥೆಯಾ?

ಬೆಳ್ಳಿನಾಣ್ಯ
ಸ್ಯಾಪರ್ಸ್ ಹೋಗಿದ್ದು ನಿಜ. ಮಳೆಯ ಕಥೆಯೂ ನಿಜ, ಆದರೆ ಅದು ಅವರದ್ದಲ್ಲ, 37ನೇ ಮದ್ರಾಸ್ ನೇಟಿವ್ ಇನ್ಫೆಂಟ್ರಿಯದು. 1841ರ ಮೇ ಕೊನೆಯಲ್ಲಿ ಕ್ಯಾಂಟನ್ ಪಕ್ಕದ ಸಾನ್‌ಯುವಾನ್‌ಲಿ ಹತ್ತಿರ ಗದ್ದೆ ಬಯಲಿನಲ್ಲಿ ಗುಡುಗು ಮಳೆ ಹೊಡೆದು, ಒಂದು ಕಂಪನಿ ಸಿಪಾಯಿಗಳು ದಾರಿ ತಪ್ಪಿದರು. ಅವರದು ಚಕಮಕಿ ಕಲ್ಲಿನ ಬಂದೂಕು, ಮದ್ದು ಒದ್ದೆಯಾದರೆ ಕೋಲಿಗೆ ಸಮ. ರೈತರು ಉದ್ದ ಭರ್ಜಿ ಹಿಡಿದು ಸುತ್ತುವರಿದರು. ಮಳೆಯಲ್ಲೂ ಹಾರುವ ಹೊಸ ಬಗೆಯ ಬಂದೂಕು ಇದ್ದ ಮರೀನ್ ಪಡೆ ಹುಡುಕಿಕೊಂಡು ಬಂದು ಬಿಡಿಸಿತು. ಚೀನಾದಲ್ಲಿ ಇವತ್ತಿಗೂ ಅದನ್ನು ರೈತರ ಗೆಲುವು ಅಂತಲೇ ಹೇಳುತ್ತಾರೆ.

ಪ್ರಶ್ನೆಪತ್ರಿಕೆ
ಎಲ್ಲ ಸರಿ, ಮೇಷ್ಟ್ರ ಪ್ರಶ್ನೆ ಹಾಗೇ ಉಳಿಯಿತು. ಒಪ್ಪಂದದಲ್ಲಿ ಅಫೀಮು ಯಾಕಿಲ್ಲ?

ಬೆಳ್ಳಿನಾಣ್ಯ
ಬರ್ತಾ ಇದ್ದೀನಿ. ಆಗಸ್ಟ್ 29, 1842ರ ಒಪ್ಪಂದದಲ್ಲಿ ಚೀನಾ ಕೊಡಬೇಕಾದ ಹಣ 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್. ಅದರಲ್ಲಿ 60 ಲಕ್ಷ ಆ ಅಫೀಮಿನ ಬೆಲೆ, 30 ಲಕ್ಷ ಹಾಂಗ್ ವರ್ತಕರ ಬಾಕಿ, 1 ಕೋಟಿ 20 ಲಕ್ಷ ಯುದ್ಧದ ಖರ್ಚು. ಅರವತ್ತು ಲಕ್ಷವನ್ನು 20,283ರಿಂದ ಭಾಗಿಸಿ. ಪೆಟ್ಟಿಗೆಗೆ 296 ಡಾಲರ್ ಹತ್ತಿರ ಬರುತ್ತದೆ. ತನ್ನ ದೇಶದಲ್ಲಿ ನಿಷೇಧ ಇದ್ದ ಮಾಲಿಗೆ ಚೀನಾ ಬೆಲೆ ಕಟ್ಟಿಕೊಟ್ಟಿತು. ಎಲಿಯಟ್ ಆ ದಿನ ಬರೆದುಕೊಟ್ಟ ಒಂದು ರಸೀದಿಯ ಮಹಿಮೆ.

ಇನ್ನು ಮಾರಾಟದ ಅನುಮತಿ. ಬ್ರಿಟಿಷರ ಕಡೆಯಿಂದ ಮಾತು ಎತ್ತಿದರು, ಚೀನಾ ಒಪ್ಪಲಿಲ್ಲ. ಒತ್ತಾಯವನ್ನೂ ಮಾಡಲಿಲ್ಲ, ಯಾಕೆಂದರೆ ಲಂಡನ್ನಿನಲ್ಲೇ ವಿರೋಧ ಇತ್ತು. 1840ರಲ್ಲಿ ಪಾರ್ಲಿಮೆಂಟಿನಲ್ಲಿ ಸರ್ಕಾರ ಉಳಿದದ್ದು ಬರೀ ಒಂಬತ್ತು ವೋಟಿನಿಂದ, 271ಕ್ಕೆ 262. ಜೊತೆಗೆ ಅನುಮತಿ ಅಗತ್ಯವೂ ಇರಲಿಲ್ಲ. ಹಾಂಗ್‌ಕಾಂಗ್ ಕೈಗೆ ಬಂತು, ಅದೇ ಈಗ ಹೊಸ ಲಿಂಟಿನ್. ಐದು ಬಂದರು ತೆರೆದವು. ಹಾಂಗ್ ವರ್ತಕರ ಕಟ್ಟು ಹೋಯಿತು. ಅಫೀಮು ಕಳ್ಳತನದಲ್ಲೇ ಆರಾಮಾಗಿ ಹೋಗುತ್ತಿತ್ತು, ಸುಂಕವೂ ಇಲ್ಲ.

ಗಡಿಬಿಡಿ ಗುಂಡ
ಹಾಗಾದ್ರೆ ನಾನು ಹೇಳಿದ್ದೇ ಸರಿ ಆಯ್ತಲ್ಲ, ಕಳ್ಳಮಾಲು ಅಂತ ಬರೀಲಿಲ್ಲ! 😄

ಬೆಳ್ಳಿನಾಣ್ಯ
ಅರ್ಧ ಮಾರ್ಕ್ಸ್ ಕೊಡೋಣ ಗುರುಗಳೇ.

ಆದರೆ ಮೇಷ್ಟ್ರೇ, ಮಕ್ಕಳಿಗೆ ಯುದ್ಧಕ್ಕಿಂತ 1843, 44ರ ಪುರವಣಿ ಒಪ್ಪಂದಗಳನ್ನು ಹೇಳಿ. ನಿಜವಾದ ಗಂಟು ಅಲ್ಲಿದೆ. ಅಲ್ಲಿ ಮೂರು ವಿಷಯ ಬಂದವು. ಸುಂಕವನ್ನು ಒಪ್ಪಂದದಲ್ಲೇ ನಿಗದಿ ಮಾಡಿ ಸುಮಾರು ನೂರಕ್ಕೆ ಐದರ ಆಸುಪಾಸು ಕಟ್ಟಿಹಾಕಿದರು. ಚೀನಾ ತನ್ನ ಇಷ್ಟಕ್ಕೆ ಏರಿಸುವ ಹಾಗಿಲ್ಲ. ಅದೂ ಹೆಚ್ಚಿನ ಮಾಲಿಗೆ ತೂಕ, ಅಳತೆಯ ಮೇಲೆ ಇಷ್ಟು ಅಂತ. ಹಾಗಾಗಿ ಪೇಟೆಯಲ್ಲಿ ಬೆಲೆ ಏರಿದರೂ ಸುಂಕ ಅಷ್ಟೇ ನಿಲ್ಲುತ್ತದೆ. ಎರಡನೆಯದು, ಬ್ರಿಟಿಷನು ಚೀನಾದಲ್ಲಿ ಅಪರಾಧ ಮಾಡಿದರೆ ವಿಚಾರಣೆ ಬ್ರಿಟಿಷ್ ಅಧಿಕಾರಿಯ ಮುಂದೆ. ಇದರ ಬೀಜ 1839ರಲ್ಲೇ ಬಿದ್ದಿತ್ತು. ಕುಡಿದ ನಾವಿಕರು ಕೌಲೂನ್‌ನಲ್ಲಿ ಲಿನ್ ವೈಷಿ ಅನ್ನುವ ಹಳ್ಳಿಯವನನ್ನು ಹೊಡೆದು ಕೊಂದರು. ಆರೋಪಿಯನ್ನು ಒಪ್ಪಿಸು ಅಂದರೆ ಎಲಿಯಟ್ ಒಪ್ಪಲಿಲ್ಲ, ಹಡಗಿನ ಮೇಲೆ ತಾನೇ ವಿಚಾರಣೆ ಮಾಡಿ ಸಣ್ಣ ಶಿಕ್ಷೆ ಕೊಟ್ಟು ಮುಗಿಸಿದ.

ಮೂರನೆಯದು ಬಹಳ ಕುತಂತ್ರದ್ದು. ಬೇರೆ ಯಾವ ದೇಶಕ್ಕೆ ಏನೇ ಹೊಸ ಸವಲತ್ತು ಕೊಟ್ಟರೂ ಅದು ತಾನಾಗಿಯೇ ನಮಗೂ ಸೇರಬೇಕು ಅನ್ನುವ ಕಲಮು. ಚೀನಾದವರಿಗೆ ಇದು ದೊಡ್ಡ ವಿಷಯ ಅನ್ನಿಸಿರಲಿಲ್ಲ, ಎಲ್ಲ ಪರದೇಶಿಗಳನ್ನೂ ಒಂದೇ ಥರ ನೋಡಿದರಾಯಿತು ಅಂದುಕೊಂಡರು.

ಪ್ರಶ್ನೆಪತ್ರಿಕೆ
ಅದು ಕೆಲಸ ಮಾಡಿದ ಒಂದು ಉದಾಹರಣೆ ಕೊಡಿ. ಸುಮ್ನೆ ಹೇಳಿದರೆ ಮಕ್ಕಳಿಗೆ ಹಿಡಿಯಲ್ಲ.

ಬೆಳ್ಳಿನಾಣ್ಯ
1844ರಲ್ಲಿ ಅಮೆರಿಕ ವಾಂಗ್‌ಷಿಯಾದಲ್ಲಿ ತನ್ನ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 12 ವರ್ಷ ಆದಮೇಲೆ ಕಲಮುಗಳನ್ನು ಮತ್ತೆ ನೋಡಬಹುದು ಅಂತ ಇತ್ತು. ಬ್ರಿಟನ್ನಿನ ನಾನ್‌ಜಿಂಗ್ ಒಪ್ಪಂದದಲ್ಲಿ ಅಂಥ ಮಾತೇ ಇಲ್ಲ. ಆದರೆ 'ಅವರಿಗೆ ಕೊಟ್ಟಿದ್ದು ನಮಗೂ' ಅನ್ನುವ ಕಲಮು ಇತ್ತಲ್ಲ. 1842ಕ್ಕೆ 12 ಸೇರಿಸಿ 1854ರಲ್ಲಿ ಬಂದು ಕೂತರು, ಒಪ್ಪಂದ ತಿದ್ದೋಣ ಬನ್ನಿ ಅಂತ. ಇನ್ನೊಬ್ಬರ ಕಾಗದದ ಸಾಲನ್ನು ತಮ್ಮ ಕಾಗದದ ತಾರೀಕಿಗೆ ಜೋಡಿಸಿದರು!

ಚೀನಾ ಒಪ್ಪಲಿಲ್ಲ. 1856ರ ಅಕ್ಟೋಬರ್‌ನಲ್ಲಿ ಆರೋ ಅನ್ನುವ ಹಡಗಿನ ಚೀನೀ ನಾವಿಕರನ್ನು ಕ್ಯಾಂಟನ್ ಪೊಲೀಸರು ಹಿಡಿದರು. ಅದು ಚೀನೀಯನ ಹಡಗು, ಹಾಂಗ್‌ಕಾಂಗ್‌ನಲ್ಲಿ ನೋಂದಣಿ. ಆ ನೋಂದಣಿಯ ಅವಧಿಯೂ ಕೆಲವು ದಿನ ಮುಂಚೆ ಮುಗಿದಿತ್ತು. ಆದರೂ ಬ್ರಿಟಿಷ್ ಬಾವುಟಕ್ಕೆ ಅವಮಾನ ಅಂತ ಎರಡನೇ ಯುದ್ಧ ಶುರು. ಫ್ರಾನ್ಸೂ ಕೂಡಿಕೊಂಡಿತು. 1858ರಲ್ಲಿ ತಿಯಾಂಜಿನ್ ಒಪ್ಪಂದ ಆಗಿ, ಅದೇ ವರ್ಷ ನವೆಂಬರ್‌ನಲ್ಲಿ ಷಾಂಘೈನಲ್ಲಿ ಸುಂಕದ ಪಟ್ಟಿ ಬರೆಯುವಾಗ ಅಫೀಮಿನ ಹೆಸರು ಕೊನೆಗೂ ಬಂತು. ಒಂದು ಪೀಕಲ್‌ಗೆ, ಅಂದರೆ ಅಂದಾಜು 60 ಕೇಜಿಗೆ, 30 ತೇಲ್ ಸುಂಕ.

ನಿಮ್ಮ ಹುಡುಗಿಗೆ ಉತ್ತರ ಇದು ಮೇಷ್ಟ್ರೇ. ಅನುಮತಿ ಸಿಕ್ಕಿತು, ಹದಿನಾರು ವರ್ಷ ಆದಮೇಲೆ, ಸುಂಕದ ಪಟ್ಟಿಯ ಒಂದು ಸಾಲಿನಲ್ಲಿ.

ನೀಮಚ್ ನೆನಪು
ಆಮೇಲೆ ಚೀನಾದವರೇ ಸಿಚುವಾನ್, ಯುನಾನ್‌ನಲ್ಲಿ ಬೆಳೆದುಕೊಂಡರಲ್ಲ? ನಮ್ಮ ಕಡೆ ಮಾಲಿಗೆ ಗಿರಾಕಿ ಕಡಿಮೆ ಆದದ್ದು ಅದರಿಂದಲೇ ಅಂತ ಕೇಳಿದ್ದೆ.

ಬೆಳ್ಳಿನಾಣ್ಯ
ಹೌದು, ಕೊನೆಗೆ ಅಲ್ಲಿನ ಬೆಳೆಯೇ ಆಮದಿಗಿಂತ ಎಷ್ಟೋ ಜಾಸ್ತಿ ಆಯಿತು. 1907ರಲ್ಲಿ ಭಾರತದಿಂದ ಹೋಗುವುದನ್ನು ಹತ್ತು ವರ್ಷದಲ್ಲಿ ನಿಲ್ಲಿಸೋಣ ಅಂತ ಒಪ್ಪಂದ ಆಯಿತು. ಸುಂಕದ ಕಟ್ಟು ಮಾತ್ರ 1920ರ ದಶಕದ ಕೊನೆಯವರೆಗೆ ಬಿಡಲಿಲ್ಲ.

ಪ್ರಶ್ನೆಪತ್ರಿಕೆ
ನನಗೆ ಇನ್ನೂ ಸಮಾಧಾನ ಇಲ್ಲ. ನಿಮ್ಮ ಮಾತಿನಂತೆಯೇ ಬಂದರು, ಸುಂಕ, ವಿಚಾರಣೆ ಇವೇ ಗಂಟು ಅಂದಮೇಲೆ ಇದು ವ್ಯಾಪಾರದ ಯುದ್ಧ, ಅಫೀಮು ನೆಪ. ಅಫೀಮು ಇಲ್ಲದಿದ್ದರೂ ಇನ್ನೊಂದು ನೆಪ ಸಿಗುತ್ತಿತ್ತು.

ಬೆಳ್ಳಿನಾಣ್ಯ
ಸಿಗುತ್ತಿತ್ತೋ ಏನೋ. ಆದರೆ ಹಡಗು, ಸಿಪಾಯಿ, ಟೀ, ಭಾರತ ಸರ್ಕಾರದ ಖಜಾನೆ ಎಲ್ಲಕ್ಕೂ ಹಣ ಹುಟ್ಟುತ್ತಿದ್ದದ್ದು ಅದರಿಂದ. ಅದನ್ನು ನೆಪ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾವಿಬ್ಬರೂ ಒಪ್ಪುವುದಿಲ್ಲ ಬಿಡಿ.

ಕೆರೆದಂಡೆ
ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿನ ಮೇಲೆ ಲಿಂಟಿನ್ ಚೀಟಿಯಿಂದ ಶುರು ಮಾಡುತ್ತೇನೆ. ಸುಟ್ಟ ಅಂತ ಹೇಳಿದ್ದನ್ನೂ ತಿದ್ದುತ್ತೇನೆ. ಇನ್ನೊಂದೇ ಒಂದು. ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಹಡಗಿನ ಮೇಲೆ ಅಂತ ಓದಿದೆ, ನಿಜವಾ?

ಬೆಳ್ಳಿನಾಣ್ಯ
ನಿಜ. ಯಾಂಗ್‌ಟ್ಸೆ ನದಿಯಲ್ಲಿ ನಿಂತಿದ್ದ ಕಾರ್ನ್‌ವಾಲಿಸ್ ಅನ್ನುವ ಯುದ್ಧನೌಕೆಯ ಮೇಲೆ. ಮುಂಬೈನಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಹಡಗು ಅದು.

ಅಡುಗೆಮನೆ ಆಚಾರಿ
ಗಸಗಸೆ ಬ್ಯಾಗಿನಿಂದ ತೆಗೆದಿಟ್ಟೆ. ಶ್ಯಾವಿಗೆ ಒಯ್ಯುತ್ತೇನೆ.